ಮೂರು ತಿಂಗಳ ಅಳತೆಯನ್ನು ನಾಲ್ಕರಿಂದ ಗುಣಿಸಿ ಕೆಟ್ಟೆ

ದಾವಣಗೆರೆಯಲ್ಲಿ ಮಕ್ಕಳ ಡಾಕ್ಟರಾಗಿ ಕೂತ ಹೊಸದು. ಜೂನ್‌ನಲ್ಲಿ ಅಳೆದಿದ್ದ ಏಳು ವರ್ಷದ ಹುಡುಗನನ್ನು ಅವನ ತಾಯಿ ಸೆಪ್ಟೆಂಬರ್‌ನಲ್ಲಿ ಮತ್ತೆ ಕರೆತಂದರು. "ಓಣಿ ಹುಡುಗರೆಲ್ಲ ಬೆಳೀತಾವ್ರೀ ಸರ್, ನಮ್ಮೋನು ಮಾತ್ರ ನಿಂತೇ ಬಿಟ್ಟಾನೆ" ಅಂದರು. ಜೂನ್‌ನಲ್ಲಿ 118.2 ಸೆಂ.ಮೀ. ಇದ್ದವನು ಈಗ 118.9. ಮೂರು ತಿಂಗಳಿಗೆ 0.7, ಅಂದ್ರೆ ವರ್ಷಕ್ಕೆ 2.8 ಅಂತ ಲೆಕ್ಕ ಹಾಕಿದೆ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಐದಾರು ಸೆಂ.ಮೀ. ಬೆಳೆಯಬೇಕು. ಗಾಬರಿಯಾಗಿ ಥೈರಾಯ್ಡ್ ರಕ್ತಪರೀಕ್ಷೆ, ಕೈಯ ಎಕ್ಸ್‌ರೇ ಎಲ್ಲ ಬರೆದುಕೊಟ್ಟೆ. ಎಲ್ಲವೂ ಸರಿಯಾಗೇ ಬಂತು. ಅವರ ದುಡ್ಡು ಹೋಯ್ತು.

ಆಮೇಲೆ ಸುಮ್ನೆ ಅಳೆಯುತ್ತಾ ಹೋದೆ. ಡಿಸೆಂಬರ್‌ಗೆ 120.2, ಮಾರ್ಚ್‌ಗೆ 121.9, ಮರುವರ್ಷ ಜೂನ್‌ಗೆ 123.6. ಒಟ್ಟು 5.4 ಸೆಂ.ಮೀ. ಕೊನೆಯ ಮೂರು ತಿಂಗಳನ್ನಷ್ಟೇ ಹಿಡಿದು ನಾಲ್ಕರಿಂದ ಗುಣಿಸಿದ್ದರೆ ಅದೇ ಹುಡುಗ ವರ್ಷಕ್ಕೆ 6.8 ಬೆಳೆಯುವವನು! ತಪ್ಪು ಹುಡುಗನದ್ದಲ್ಲ, ನನ್ನ ಗುಣಾಕಾರದ್ದು.

ಮಕ್ಕಳು ವರ್ಷಪೂರ್ತಿ ಒಂದೇ ಓಟದಲ್ಲಿ ಬೆಳೆಯುವುದಿಲ್ಲ. 1880ರ ದಶಕದಲ್ಲೇ ಕೋಪನ್‌ಹೇಗನ್ನಿನ ಕಿವುಡ ಮಕ್ಕಳ ಶಾಲೆಯ ಮುಖ್ಯಸ್ಥ ಮಾಲಿಂಗ್ ಹ್ಯಾನ್ಸನ್ ತನ್ನ ವಿದ್ಯಾರ್ಥಿಗಳನ್ನು ದಿನದಿನವೂ ಅಳೆದು ಇದನ್ನು ಕಂಡಿದ್ದ. ಟೈಪ್‌ರೈಟರ್ ಥರದ ಯಂತ್ರವನ್ನೂ ಮಾಡಿದ್ದ ಆಸಾಮಿ! ಅಲ್ಲಿ ಎತ್ತರ ಜಾಸ್ತಿ ಏರಿದ್ದು ವಸಂತ, ಬೇಸಿಗೆಯಲ್ಲಿ. ತೂಕ ಏರಿದ್ದು ಅದಾದ ಮೇಲೆ. ಆದರೆ ಅಲ್ಲಿ ಬೇಸಿಗೆಯ ಹಗಲು ಚಳಿಗಾಲದ ಹಗಲಿಗಿಂತ ಹತ್ತು ಗಂಟೆ ಉದ್ದ. ನಮ್ಮಲ್ಲಿ ಆ ವ್ಯತ್ಯಾಸ ಎರಡು ಗಂಟೆಯೂ ಇಲ್ಲ. ಹಾಗಾಗಿ ಅಲ್ಲಿನ ತಿಂಗಳುಗಳನ್ನು ಇಲ್ಲಿಗೆ ತಂದು ಕೂರಿಸಲು ಬರುವುದಿಲ್ಲ. ನಮ್ಮ ಹುಡುಗನಿಗೆ ಆ ಮಳೆಗಾಲದಲ್ಲಿ ಎರಡು ಸಲ ಜ್ವರ, ಒಂದು ವಾರ ಭೇದಿ. ಊಟ ಬಿಟ್ಟಿದ್ದ, ತೂಕವೂ ನಿಂತಿತ್ತು. ಮೊದಲ ದಿನವೇ ಇದನ್ನು ಕೇಳಬೇಕಿತ್ತು, ಕೇಳಲಿಲ್ಲ.

ಇನ್ನೊಂದು ವಿಷಯ, ಅಳತೆಯದ್ದೇ. ಬೆಳಿಗ್ಗೆಗಿಂತ ಸಂಜೆ ಮಗು ಸುಮಾರು ಒಂದು ಸೆಂ.ಮೀ. ಗಿಡ್ಡ ಇರಬಹುದು, ಬೆನ್ನೆಲುಬಿನ ನಡುವಿನ ಮೆತ್ತೆ ದಿನವಿಡೀ ಅದುಮಿಕೊಳ್ಳುತ್ತಾ ಹೋಗುತ್ತದೆ. ಜೂನ್‌ನಲ್ಲಿ ಬೆಳಿಗ್ಗೆ ಅಳೆದು ಸೆಪ್ಟೆಂಬರ್‌ನಲ್ಲಿ ಸಂಜೆ ಅಳೆದರೆ ಮೂರು ತಿಂಗಳ ಬೆಳವಣಿಗೆಯೇ ಮಾಯ! ಈಗ ಬೆಳಿಗ್ಗೆ ಹತ್ತರೊಳಗೆ ಮಾತ್ರ ಅಳೆಯುತ್ತೇನೆ. ಚಪ್ಪಲಿ ಬಿಚ್ಚಿಸಿ, ಜಡೆ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ಕಣ್ಣಿನ ಕೆಳಗಿನ ಎಲುಬೂ ಕಿವಿಯ ತೂತೂ ಒಂದೇ ಮಟ್ಟಕ್ಕೆ ಬರುವಂತೆ ನಿಲ್ಲಿಸುತ್ತೇನೆ. ಮೂರು ಸಲ ಅಳೆದು ಸರಾಸರಿ ಬರೆಯುತ್ತೇನೆ. ಬೆಳವಣಿಗೆಯ ವೇಗ ನೋಡುವುದು ಜೂನ್‌ನಿಂದ ಜೂನ್‌ಗೆ.

ಹಾಗಂತ ಎಲ್ಲವನ್ನೂ ಋತುವಿನ ತಲೆಗೆ ಕಟ್ಟಬಾರದು. ಪೂರ್ತಿ ವರ್ಷಕ್ಕೂ ನಾಲ್ಕು ಸೆಂ.ಮೀ. ದಾಟದಿದ್ದರೆ ಪರೀಕ್ಷೆ ಬೇಕೇ ಬೇಕು. ಮಗು ಗ್ರೋತ್ ಚಾರ್ಟ್‌ನಲ್ಲಿ ತನ್ನ ಗೆರೆ ಬಿಟ್ಟು ಕೆಳಗಿನ ಗೆರೆಗಳತ್ತ ಜಾರುತ್ತಿದ್ದರೆ, ತಲೆನೋವು, ವಾಂತಿ ಇದ್ದರೆ ವರ್ಷ ಕಾಯುವುದಿಲ್ಲ, ಅವತ್ತೇ ಬರೆದುಕೊಡುತ್ತೇನೆ.