ಗಲ್ಲಾಪೆಟ್ಟಿಗೆ ಪಕ್ಕದ ಪುಸ್ತಕ

ನನ್ನದು ತಿಪಟೂರಿನಲ್ಲಿ ಒಂದು ಕಿರಾಣಿ ಅಂಗಡಿ. ಹನ್ನೆರಡು ಅಡಿ ಅಗಲ, ಒಂದೇ ಬಾಗಿಲು. ಮಾರ್ಕೆಟ್ಟಿನಲ್ಲಿ ಕೊಬ್ಬರಿ ಹರಾಜು ಇರುವ ದಿನ ಬೆಳಗ್ಗೆ ಏಳಕ್ಕೆ ಶುರುವಾದ ಜನ ಮಧ್ಯಾಹ್ನ ಮೂರರವರೆಗೆ ಕರಗುವುದಿಲ್ಲ. ಅಂಥ ಒಂದು ದಿನ ಪಕ್ಕದ ಬೀದಿಯ ಮೇಷ್ಟ್ರು ಬಂದು, "ಏನಪ್ಪ, ಹೆಸರುಬೇಳೆ ತೆಗೆದಿಟ್ಟಿದ್ದೀಯಾ?" ಎಂದರು. ಮೊಮ್ಮಗಳ ನಾಮಕರಣಕ್ಕೆ ಐದು ಕೆಜಿ ಬೇಕೆಂದು ಮೂರು ದಿನದ ಹಿಂದೆಯೇ ಹೇಳಿದ್ದರು. ನಾನೂ "ಆಯ್ತು ಮೇಷ್ಟ್ರೇ" ಎಂದಿದ್ದೆ. ಡಬ್ಬಿಯಲ್ಲಿ ಉಳಿದಿದ್ದು ಮುಕ್ಕಾಲು ಕೆಜಿ. ಅವರು ಬೈಯಲಿಲ್ಲ. ಸುಮ್ನೆ ಎದುರಿನ ಅಂಗಡಿಗೆ ಹೋದರು. ಅದನ್ನು ನಾನು ನಿಂತು ನೋಡಿದೆ.

ಮರೆವು ನನಗೆ ಹೊಸದಲ್ಲ. ಒಬ್ಬರಿಗೆ ಸಕ್ಕರೆ ತೂಗುವಾಗ ಇನ್ನೊಬ್ಬರು ಎರಡು ಮೊಟ್ಟೆ ಕೇಳುತ್ತಾರೆ, ಬ್ರೆಡ್ಡಿನವನು ಬಿಲ್ ಚಾಚುತ್ತಾನೆ, ಫೋನು ಹೊಡೆದುಕೊಳ್ಳುತ್ತದೆ. ಕೇಳಿದ ಮಾತು ತಲೆಯಲ್ಲಿ ನಿಲ್ಲುವುದಾದರೂ ಎಲ್ಲಿ? ಮಗಳು ಫೋನಿನಲ್ಲೇ ಬರೆದುಕೊಳ್ಳಪ್ಪ ಎಂದು ಒಂದು ಆ್ಯಪ್ ಹಾಕಿಕೊಟ್ಟಳು. ಒಂದು ವಾರ ನೋಡಿದೆ. ಬೆಲ್ಲ ಒಡೆದ ಕೈ, ಎಣ್ಣೆ ಅಳೆದ ಕೈ, ಪರದೆ ಬೆರಳಿನ ಮಾತು ಕೇಳುವುದಿಲ್ಲ. ಬರೆಯುತ್ತಿರುವಾಗಲೇ ಕಾಲ್ ಬಂದರೆ ಬರೆದದ್ದು ಎಲ್ಲಿ ಹೋಯಿತೆಂದು ಹುಡುಕಬೇಕು.

ಆಮೇಲೆ ತಂದಿದ್ದು 200 ಪುಟದ ಉದ್ದನೆಯ ನೋಟ್‌ಬುಕ್. ಅದಕ್ಕೊಂದು ಪೆನ್ನು, ಪೆನ್ನಿಗೆ ಗೋಣಿದಾರ. ದಾರ ಎಂದು ನಗಬೇಡಿ. ದಾರ ಕಟ್ಟುವ ಮೊದಲು ನಾಲ್ಕು ದಿನದಲ್ಲಿ ಮೂರು ಪೆನ್ನು ಗಿರಾಕಿಗಳ ಜೇಬು ಸೇರಿದ್ದವು.

ದಿನಕ್ಕೆ ಒಂದು ಪುಟ. ಮೇಲೆ ತಾರೀಖು ಮತ್ತು ಬೆಳಗ್ಗೆ ಗಲ್ಲಾದಲ್ಲಿಟ್ಟ ಚಿಲ್ಲರೆ ಎಷ್ಟು ಅನ್ನೋದು. ನಡುವೆ ಒಂದು ಗೀಟು. ಗೀಟಿನ ಎಡಕ್ಕೆ ಜನ ಕೇಳಿದ್ದು, ನಾನು ಒಪ್ಪಿಕೊಂಡಿದ್ದು. ಬಲಕ್ಕೆ ದುಡ್ಡು. ಎಡಗಡೆ ಬರೆದ ಕೆಲಸ ಮುಗಿದರೆ ಅಡ್ಡ ಗೆರೆ ಹೊಡೆಯುತ್ತೇನೆ. ಮುಗಿಯದಿದ್ದರೆ ಅಂಗಡಿ ಮುಚ್ಚುವ ಮೊದಲು ನಾಳೆಯ ಪುಟಕ್ಕೆ ನನ್ನ ಕೈಯಾರೆ ಮತ್ತೆ ಬರೆಯುತ್ತೇನೆ. ಒಂದೇ ಸಾಲನ್ನು ಮೂರನೇ ಸಲ ಬರೆಯಬೇಕಾಗಿ ಬಂದರೆ ಅವತ್ತೇ ಆ ಮನೆಗೆ ಫೋನ್ ಮಾಡಿ, ಸಿಗಲಿಲ್ಲ ಎಂದು ಹೇಳಿಬಿಡುತ್ತೇನೆ. ಆಗಲ್ಲ ಅನ್ನೋದನ್ನು ಮುಂಚೆ ಹೇಳಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಅಂಗಡಿಯಲ್ಲಿ ಇಲ್ಲದ ಸಾಮಾನು ಯಾರಾದರೂ ಕೇಳಿದರೆ ಅದರ ಸುತ್ತ ಸೊನ್ನೆ ಸುತ್ತುತ್ತೇನೆ. ಇನ್ನೊಬ್ಬರು ಅದನ್ನೇ ಕೇಳಿದರೆ ಪಕ್ಕದಲ್ಲಿ ಒಂದು ಕಡ್ಡಿ. ಇದು ಸಣ್ಣದು ಅನ್ನಿಸಬಹುದು, ಆದರೆ ನನಗೆ ಜಾಸ್ತಿ ಕಲಿಸಿದ್ದು ಈ ಕಡ್ಡಿಗಳೇ. ಮಂಗಳವಾರ ಸೇಲ್ಸ್‌ಮನ್ ಬಂದಾಗ ಮೊದಲೆಲ್ಲ ಕಪಾಟು ನೋಡಿ ಆರ್ಡರ್ ಹೇಳುತ್ತಿದ್ದೆ. ಕಪಾಟಿನಲ್ಲಿ ಕಾಣುವುದು ಇರುವ ಸಾಮಾನು, ಇಲ್ಲದ್ದು ಹೇಗೆ ಕಾಣಬೇಕು? ಅವನು ಸ್ಕೀಮ್ ಇದೆ ಎಂದಾಗ ಮೂರು ಬಾಕ್ಸ್ ಬಟ್ಟೆ ಸೋಪು ಇಳಿಸಿಕೊಂಡು, ಉಪ್ಪು ಹೇಳೋದನ್ನೇ ಮರೆತದ್ದೂ ಉಂಟು. ಈಗ ಏಳು ಪುಟ ತಿರುವಿ ಕಡ್ಡಿ ಎಣಿಸುತ್ತೇನೆ. ಒಂದು ವಾರ ಓಟ್ಸ್‌ಗೆ ಬರೀ ಸೊನ್ನೆ ಇತ್ತು, ಒಂದೇ ಒಂದು ಕಡ್ಡಿಯೂ ಇಲ್ಲ. ಯಾರದೋ ಮನೆಗೆ ಬಂದ ನೆಂಟರು ಕೇಳಿದ್ದು. ಅದೇ ವಾರ ರಾಗಿ ಹುರಿಹಿಟ್ಟಿಗೆ ಐದು ಕಡ್ಡಿ. ಪುಸ್ತಕ ಇಲ್ಲದಿದ್ದರೆ ನಾನು ಓಟ್ಸನ್ನೇ ತರಿಸುತ್ತಿದ್ದೆ, ಯಾಕಂದರೆ ಅದು ಹೊಸದು, ನೆನಪಲ್ಲಿ ಉಳಿದಿತ್ತು.

ಬಲಗಡೆಯ ದುಡ್ಡಿನ ಲೆಕ್ಕ ಕೂಡಲೇ ಸರಿಹೋಗಲಿಲ್ಲ. ಮೊದಲು "ಮೂಲೆ ಮನೆ 200" ಎಂದು ಬರೆದಿದ್ದೆ. ನಮ್ಮ ಬೀದಿಗೆ ಎರಡು ಮೂಲೆ. ಸಾಲ ತಗೊಂಡರೋ, ಹಳೇ ಬಾಕಿ ಕೊಟ್ಟರೋ ಅದೂ ಗೊತ್ತಾಗಲಿಲ್ಲ. ಆಮೇಲೆ ಪ್ರತಿ ಅಂಕಿಯ ಮುಂದೆ ಒಂದು ಅಕ್ಷರ ಹಾಕಲು ಶುರು ಮಾಡಿದೆ. 'ಹೋ' ಅಂದರೆ ಗಲ್ಲಾದಿಂದ ಹೋದದ್ದು, 'ಸಾ' ಅಂದರೆ ಸಾಲಕ್ಕೆ ಕೊಟ್ಟ ಸಾಮಾನು, 'ಬಾ' ಅಂದರೆ ಬಂದ ಹಳೇ ಬಾಕಿ. ಮನೆಗೊಂದು ಪುಟದ ಸಾಲದ ಪುಸ್ತಕ ಬೇರೆಯೇ ಇದೆ. ರಾತ್ರಿ ಊಟಕ್ಕೆ ಮುಂಚೆ ನಾನು 'ಸಾ', 'ಬಾ' ಓದುತ್ತೇನೆ, ನನ್ನ ಹೆಂಡತಿ ಅದಕ್ಕೆ ಇಳಿಸುತ್ತಾಳೆ.

ಒಂದು ಹರಾಜಿನ ದಿನದ ಪುಟ ಹೇಳುತ್ತೇನೆ. ಬೆಳಗಿನ ಚಿಲ್ಲರೆ 1,500. ರಾತ್ರಿ ಎಣಿಸಿದಾಗ ಗಲ್ಲಾದಲ್ಲಿ 9,460. ಚಿಲ್ಲರೆ ಕಳೆದರೆ 7,960. ಆದರೆ ಮೊಟ್ಟೆಯವನಿಗೆ 1,650, ಬ್ರೆಡ್ಡಿಗೆ 640, ಹಮಾಲಿಗೆ 120, ಟೀಗೆ 60, ಒಟ್ಟು 2,470 ಗಲ್ಲಾದಿಂದಲೇ ಹೋಗಿತ್ತು. ಅದನ್ನು ಮತ್ತೆ ಸೇರಿಸಿದರೆ ಕೈಗೆ ಬಂದ ನಗದು 10,430. ಅದರಲ್ಲಿ 900 ಹಳೇ ಬಾಕಿ, ಅವತ್ತಿನ ವ್ಯಾಪಾರ ಅಲ್ಲ. ಉಳಿದದ್ದು 9,530. ಫೋನಿಗೆ ಬಂದದ್ದು 6,870. ಸಾಲಕ್ಕೆ ಹೋದ ಸಾಮಾನು 1,240. ಎಲ್ಲ ಕೂಡಿದರೆ ದಿನದ ವ್ಯಾಪಾರ 17,640.

ಮೊದಲು ನಾನು ಗಲ್ಲಾ ನೋಡಿ ಹತ್ತಿರ ಹತ್ತಿರ ಹತ್ತು ಸಾವಿರ ವ್ಯಾಪಾರ ಆಯ್ತು ಅಂದುಕೊಳ್ಳುತ್ತಿದ್ದೆ. ಬಾಕಿ ವಸೂಲಾದ ದಿನ ಖುಷಿ, ಮೊಟ್ಟೆಯವನಿಗೆ ಕೊಟ್ಟ ದಿನ ಬೇಜಾರು. ಎರಡಕ್ಕೂ ಅರ್ಥ ಇರಲಿಲ್ಲ.

ಆ 17,640 ನೋಡಿದಾಗ ಏನೋ ಸರಿಯಿಲ್ಲ ಅನ್ನಿಸಿತು. ಹಿಂದಿನ ನಾಲ್ಕು ಹರಾಜಿನ ದಿನದ ಪುಟ ತಿರುವಿದರೆ ಎಲ್ಲವೂ ಹತ್ತೊಂಬತ್ತರ ಆಸುಪಾಸು. ಜನ ಅವತ್ತೇನೂ ಕಮ್ಮಿ ಇರಲಿಲ್ಲ. ಒಳಗೆ ಹೋಗಿ ಅಕ್ಕಿ ಮೂಟೆ ಎಣಿಸಿದೆ. ಹಿಂದಿನ ರಾತ್ರಿ ಆರು, ಈಗ ನಾಲ್ಕು. ಮಾರಿದ ನೆನಪಿದ್ದದ್ದು ಒಂದೇ. ಸ್ವಲ್ಪ ಹೊತ್ತು ಕೂತಮೇಲೆ ಹೊಳೆಯಿತು: ಇಡ್ಲಿ ಹೋಟೆಲ್ ಅಕ್ಕನ ಹುಡುಗ ಬಂದು, "ಅಣ್ಣ, ಲೆಕ್ಕಕ್ಕೆ ಬರ್ಕೊಳ್ಳಿ" ಎಂದು 25 ಕೆಜಿ ಮೂಟೆ ಹೊತ್ತುಕೊಂಡು ಹೋಗಿದ್ದ. ಆಗ ನನ್ನ ಕೈಯಲ್ಲಿ ತಕ್ಕಡಿ. ಬೆಳಗ್ಗೆ ಅಕ್ಕನನ್ನು ಕೇಳಿದೆ. "ಹೌದಪ್ಪ, ನೀನೇ ಕೇಳ್ತೀಯ ಅಂತ ಕಾಯ್ತಿದ್ದೆ" ಎಂದರು. ಕೇಳದೆ ಬಿಟ್ಟಿದ್ದರೆ ಏನಾಗುತ್ತಿತ್ತೋ, ಇರಲಿ.

ಸಣ್ಣ ಸೋರಿಕೆಯನ್ನು ಈ ಲೆಕ್ಕ ಹಿಡಿಯುವುದಿಲ್ಲ. ಇಪ್ಪತ್ತು ರೂಪಾಯಿ ಬಿಸ್ಕೆಟ್ ಬರೆಯದೆ ಹೋದರೆ ಹೋಯಿತು. ಪ್ರತಿ ಗಿರಾಕಿಗೆ ಬಿಲ್ ಹೊಡೆಯುವ ಮಷೀನ್ ಇದ್ದರೆ ಅದೂ ಸಿಗುತ್ತದೆ, ನಮ್ಮಂಥ ಅಂಗಡಿಗೆ ನಿಂತ ಜನರ ಮುಂದೆ ಅಷ್ಟು ಹೊತ್ತು ಇಲ್ಲ. ಇನ್ನೊಂದು, ಬರೆಯೋದನ್ನು ಆಮೇಲೆ ಎಂದು ಮುಂದೂಡಿದರೆ ಪುಸ್ತಕ ಇದ್ದೂ ಇಲ್ಲ. ಅದಕ್ಕೇ ಈಗ ಸಾಲದ ಸಾಮಾನನ್ನು ಬರೆದಾದ ಮೇಲೆಯೇ ಕೌಂಟರ್ ದಾಟಿಸುತ್ತೇನೆ. ತಕ್ಕಡಿ ಕೆಳಗಿಡುತ್ತೇನೆ, ಎರಡು ಪದ ಗೀಚುತ್ತೇನೆ, ಮತ್ತೆ ಎತ್ತಿಕೊಳ್ಳುತ್ತೇನೆ. ಮೊದಮೊದಲು ಜನ ಗೊಣಗಿದರು. ಈಗ ಅವರೇ, "ಬರ್ಕೊಂಡ್ಯಾ?" ಎಂದು ಕೇಳುತ್ತಾರೆ.

ತುಂಬಿದ ಪುಸ್ತಕ ಎಸೆಯಬಾರದು ಅನ್ನೋದು ಗೊತ್ತಾಗಿದ್ದು ಸಂಕ್ರಾಂತಿಗೆ. ಹಿಂದಿನ ವರ್ಷದ ಜನವರಿ ಪುಟಗಳನ್ನು ತೆಗೆದು ನೋಡಿದೆ. 6ನೇ ತಾರೀಖಿನಿಂದಲೇ ಬಿಳಿ ಎಳ್ಳಿಗೂ ಸಕ್ಕರೆ ಅಚ್ಚಿಗೂ ಸೊನ್ನೆ ಬಿದ್ದಿತ್ತು, 13ರ ಸಂಜೆ ಅಚ್ಚಿನ ಪಕ್ಕ ಒಂಬತ್ತು ಕಡ್ಡಿ. ಹುರಿಗಡಲೆಗೆ ಎರಡೇ. ಕೊಬ್ಬರಿಯನ್ನಂತೂ ನಮ್ಮೂರಲ್ಲಿ ಅಂಗಡಿಗೆ ಬಂದು ಕೇಳುವವರು ಕಮ್ಮಿ ಬಿಡಿ. ಈ ಸಲ 2ನೇ ತಾರೀಖೇ ಅಚ್ಚು ಹೇಳಿ ತರಿಸಿದೆ. ಐದು ಕೆಜಿ ಮೇಷ್ಟ್ರ ಹೆಸರಲ್ಲಿ ಬೇರೆ ಕಟ್ಟಿಟ್ಟೆ. ಅವರು ಈಗ ಮತ್ತೆ ಇಲ್ಲಿಗೇ ಬರುತ್ತಾರೆ, ಆದರೆ ಚೀಟಿ ಬರೆದುಕೊಂಡೇ ತರುತ್ತಾರೆ.