ತೀರ್ಥಹಳ್ಳಿಯವರಿಗೇ ಯಾಕೆ ಕಷ್ಟ? ಗ್ರಾಹಕರ ಉತ್ತರಗಳನ್ನು ಊರು, ವಯಸ್ಸಿನ ಪ್ರಕಾರ ಬಿಡಿಸಿ ನೋಡುವ ಬಗೆ

ಶಿವಮೊಗ್ಗದಲ್ಲಿ ಒಂದು ಅಂಗಡಿ ಇದೆ ಎಂದುಕೊಳ್ಳಿ. ಜೋನಿ ಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಕೆಂಪಕ್ಕಿ ಎಲ್ಲ ಸಿಗುತ್ತದೆ. ಸಾಗರದಲ್ಲಿ ಒಂದು, ತೀರ್ಥಹಳ್ಳಿಯಲ್ಲಿ ಒಂದು ಶಾಖೆ. ಈಚೆಗೆ ಮೊಬೈಲ್ ಆ್ಯಪ್‌ನಲ್ಲೂ ಆರ್ಡರ್ ತೆಗೆದುಕೊಳ್ಳಲು ಶುರು ಮಾಡಿದ್ದಾರೆ. ಕೆಲವು ತಿಂಗಳು ಕಳೆದ ಮೇಲೆ ಗ್ರಾಹಕರ ಕೈಗೆ ಫಾರಂ ಕೊಟ್ಟು ಒಂದು ಪ್ರಶ್ನೆ ಕೇಳಿದರು: ಆ್ಯಪ್‌ನಲ್ಲಿ ಆರ್ಡರ್ ಮಾಡುವುದು ಹೇಗನಿಸಿತು? ಸುಲಭ, ಪರವಾಗಿಲ್ಲ, ಕಷ್ಟ, ಈ ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಜೊತೆಗೆ ಊರು, ವಯಸ್ಸು. 268 ಫಾರಂ ವಾಪಸ್ ಬಂದವು.

ಅಂಗಡಿಯೂ ಅಂಕಿಗಳೂ ಲೆಕ್ಕ ತಿಳಿಸಲು ನಾನೇ ಇಟ್ಟುಕೊಂಡವು. ಆದರೆ ಇಲ್ಲಿ ಬರುವ ತೊಡಕುಗಳು ಇಂಥ ಕೆಲಸ ಮಾಡುವ ಎಲ್ಲರಿಗೂ ಎದುರಾಗುತ್ತವೆ.

ಮೊದಲು ಹಾಳೆ ಸರಿ ಇರಲಿ

ಎಕ್ಸೆಲ್‌ನಲ್ಲಿ ಒಂದು ಫಾರಂಗೆ ಒಂದು ಸಾಲು. A ಕಾಲಂನಲ್ಲಿ ಫಾರಂ ನಂಬರ್, B ಊರು, C ವಯಸ್ಸು, D ವಯಸ್ಸಿನ ಗುಂಪು, E ಉತ್ತರ.

ಊರಿನ ಹೆಸರನ್ನು ಎಲ್ಲ ಕಡೆ ಒಂದೇ ರೀತಿ ಬರೆಯಬೇಕು. 2014ರ ನವೆಂಬರ್ 1ರಿಂದ ಊರಿನ ಅಧಿಕೃತ ಇಂಗ್ಲಿಷ್ ಹೆಸರು Shivamogga ಆಗಿದ್ದರೂ ಎಷ್ಟೋ ಜನ ಇವತ್ತಿಗೂ Shimoga ಎಂದೇ ಬರೆಯುತ್ತಾರೆ. ನಮಗೆ ಎರಡೂ ಒಂದೇ ಊರು, ಎಕ್ಸೆಲ್‌ಗೆ ಎರಡು ಊರು. ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಜಾಸ್ತಿ ಬಿದ್ದರೂ ಹಾಗೇ. ಟೇಬಲ್‌ನಲ್ಲಿ ಒಂದೇ ಊರು ಎರಡು ಸಾಲಾಗಿ ಕಂಡರೆ ಇದೇ ಕಾರಣ ಎಂದು ತಿಳಿಯಿರಿ.

ಊರು ಎಂದರೆ ಯಾವುದು ಅನ್ನುವುದನ್ನೂ ಮೊದಲೇ ತೀರ್ಮಾನಿಸಿ. ಹೊಸನಗರ ಕಡೆಯವರು ಸಾಗರದ ಶಾಖೆಯಲ್ಲಿ ಫಾರಂ ತುಂಬಿದ್ದರೆ ಅವರನ್ನು ಎಲ್ಲಿ ಸೇರಿಸುತ್ತೀರಿ? ಇಲ್ಲಿ ನಾವು ಶಾಖೆಯನ್ನೇ ಊರು ಎಂದು ಹಿಡಿಯೋಣ. ಸಾಮಾನು ಮನೆಗೆ ತಲುಪುವ ಬಗ್ಗೆ ಪ್ರಶ್ನೆ ಇದ್ದಿದ್ದರೆ ಇದು ಸಾಲುತ್ತಿರಲಿಲ್ಲ. ಸಾಗರ ಪೇಟೆಯವರನ್ನೂ ಶರಾವತಿ ಹಿನ್ನೀರಿನಾಚೆ ತುಮರಿ ಕಡೆಯವರನ್ನೂ ಒಂದೇ ಸಾಲಿಗೆ ಹಾಕಿದರೆ ಆ ಉತ್ತರಕ್ಕೆ ಅರ್ಥ ಇರುವುದಿಲ್ಲ.

ವಯಸ್ಸನ್ನು ಗುಂಪಾಗಿ ಕೇಳಬೇಡಿ, ಅಂಕಿಯಾಗಿಯೇ ಬರೆಸಿಕೊಳ್ಳಿ. ಗುಂಪು ಆಮೇಲೆ ಮಾಡಿಕೊಳ್ಳಬಹುದು, ಬೇಕಾದಾಗ ಬದಲಿಸಬಹುದು. ನಾನು ಮೊದಲು ಐದು ಗುಂಪು ಮಾಡಿದೆ. ಮೂರು ಊರು, ಐದು ಗುಂಪು, ಮೂರು ಉತ್ತರ ಎಂದರೆ 45 ಮನೆಗಳಾದವು. ಕೆಲವು ಮನೆಯಲ್ಲಿ ಒಬ್ಬರು, ಕೆಲವದರಲ್ಲಿ ಯಾರೂ ಇಲ್ಲ. ಹಾಗಾಗಿ ಎರಡೇ ಗುಂಪಿಗೆ ಇಳಿಸಿದೆ: 50ರ ಒಳಗಿನವರು, 50 ಮತ್ತು ಮೇಲಿನವರು. D2ರಲ್ಲಿ ಬರೆಯುವ ಸೂತ್ರ ಇದು:

```
=IF(C2="","",IF(C2<50,"50ರೊಳಗೆ","50+"))
```

ಮೊದಲ ಭಾಗವನ್ನು ಬಿಡಲೇಬೇಡಿ. ವಯಸ್ಸು ಬರೆಯದ ಖಾಲಿ ಮನೆಯನ್ನು ಎಕ್ಸೆಲ್ ಸೊನ್ನೆ ಎಂದು ಓದುತ್ತದೆ. ಸೊನ್ನೆ 50ಕ್ಕಿಂತ ಕಡಿಮೆ ಅಲ್ವಾ? ವಯಸ್ಸು ಹೇಳದವರೆಲ್ಲ ಸದ್ದಿಲ್ಲದೆ ಚಿಕ್ಕವರ ಗುಂಪಿಗೆ ಸೇರಿಬಿಡುತ್ತಾರೆ.

ನಮ್ಮ 268ರಲ್ಲಿ ಐದು ಫಾರಂಗಳಲ್ಲಿ ವಯಸ್ಸಿಲ್ಲ, ಮೂರರಲ್ಲಿ ಉತ್ತರವಿಲ್ಲ. ಈ ಎಂಟನ್ನು ಬೇರೆ ಹಾಳೆಗೆ ಎತ್ತಿಡಿ. ಉಳಿದ 260ರ ಮೇಲೆಯೇ ಎಲ್ಲ ಟೇಬಲ್ ಮಾಡಿದರೆ ಎಲ್ಲದರ ಮೊತ್ತವೂ ಒಂದೇ ಇರುತ್ತದೆ.

ಶೇಕಡಾ ಯಾವ ಕಡೆಗೆ?

ಈಗ Insert ಒಳಗಿನ PivotTable ತೆರೆಯಿರಿ. Rows ಜಾಗಕ್ಕೆ ಊರು, Columns ಜಾಗಕ್ಕೆ ಉತ್ತರ, Values ಜಾಗಕ್ಕೆ ಫಾರಂ ನಂಬರ್ ಎಳೆದು ಹಾಕಿ. ಫಾರಂ ನಂಬರ್ ಅಂಕಿಯಾಗಿರುವುದರಿಂದ ಎಕ್ಸೆಲ್ ಅದನ್ನು ಕೂಡಿಬಿಡುತ್ತದೆ. ಮೊತ್ತ ಸಾವಿರಗಟ್ಟಲೆ ಬಂದರೆ Value Field Settings ಒಳಗೆ Sum ತೆಗೆದು Count ಮಾಡಿ. ಬಲಗಡೆ ಕೆಳಗಿನ ಮೂಲೆಯಲ್ಲಿ 260 ಬಂದರೆ ಮಾತ್ರ ಮುಂದಕ್ಕೆ ಹೋಗಿ.

ನಮಗೆ ಬಂದ ಎಣಿಕೆ ಹೀಗಿದೆ:

| ಊರು | ಸುಲಭ | ಪರವಾಗಿಲ್ಲ | ಕಷ್ಟ | ಒಟ್ಟು |
|---|---|---|---|---|
| ಶಿವಮೊಗ್ಗ | 75 | 24 | 21 | 120 |
| ಸಾಗರ | 46 | 17 | 17 | 80 |
| ತೀರ್ಥಹಳ್ಳಿ | 30 | 12 | 18 | 60 |
| ಒಟ್ಟು | 151 | 53 | 56 | 260 |

ಕಷ್ಟ ಎಂದವರು ಶಿವಮೊಗ್ಗದಲ್ಲೇ ಜಾಸ್ತಿ, 21 ಜನ. ಕಂಬಸಾಲಿನ ಶೇಕಡಾ ತೆಗೆದರೂ ಅದೇ ಕಾಣುತ್ತದೆ: ಕಷ್ಟ ಎಂದ 56 ಜನರಲ್ಲಿ ಶೇ 38ರಷ್ಟು ಶಿವಮೊಗ್ಗದವರು. ಹಾಗಾದರೆ ಸಮಸ್ಯೆ ಇರುವುದು ಶಿವಮೊಗ್ಗದಲ್ಲಾ? ಅಲ್ಲ. ಫಾರಂ ತುಂಬಿದವರೇ ಅಲ್ಲಿ ಜಾಸ್ತಿ, ಅಷ್ಟೇ.

ನಾವು ಹೋಲಿಸಬೇಕಾಗಿರುವುದು ಊರು ಊರುಗಳನ್ನು. ಯಾರನ್ನು ಹೋಲಿಸುತ್ತೀರೋ ಅವರ ಒಟ್ಟು ಸಂಖ್ಯೆಯನ್ನೇ 100 ಎಂದು ಹಿಡಿಯಬೇಕು. ಇಲ್ಲಿ ಊರು ಅಡ್ಡಸಾಲಿನಲ್ಲಿದೆ, ಹಾಗಾಗಿ ಅಡ್ಡಸಾಲಿನ ಶೇಕಡಾ ಬೇಕು. ಟೇಬಲ್‌ನ ಯಾವುದಾದರೂ ಅಂಕಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, Show Values As ಒಳಗೆ % of Row Total ಆರಿಸಿ. ಅದೇ ಪಟ್ಟಿಯಲ್ಲಿರುವ % of Parent Row Total ಬೇರೆಯದೇ ಲೆಕ್ಕ, ಕೈತಪ್ಪಿ ಅದನ್ನು ಒತ್ತಬೇಡಿ. ಗೂಗಲ್ ಶೀಟ್ಸ್ ಬಳಸುವವರಿಗೆ Show as ಒಳಗೆ % of row ಸಿಗುತ್ತದೆ.

ಸರಿಯಾದದ್ದನ್ನೇ ಒತ್ತಿದ್ದೇವಾ ಎಂದು ತಿಳಿಯಲು ಒಂದು ಮನೆಯನ್ನು ಸೂತ್ರ ಹಾಕಿ ನೋಡಿ:

```
=COUNTIFS(B:B,"ತೀರ್ಥಹಳ್ಳಿ",E:E,"ಕಷ್ಟ")/COUNTIFS(B:B,"ತೀರ್ಥಹಳ್ಳಿ")
```

18 ಭಾಗಿಸು 60, ಅಂದರೆ ಶೇ 30. ಪ್ರತಿ ಅಡ್ಡಸಾಲಿನ ಕೊನೆಯಲ್ಲಿ 100 ಇದ್ದರೆ ಟೇಬಲ್ ಸರಿ ಇದೆ. 100 ಅನ್ನುವುದು ಕಂಬದ ಬುಡದಲ್ಲಿದ್ದರೆ ದಿಕ್ಕು ತಪ್ಪಿದೆ.

ಈಗ ಚಿತ್ರ ತಿರುಗಿತು. ಕಷ್ಟ ಎಂದವರು ಶಿವಮೊಗ್ಗದಲ್ಲಿ ಶೇ 18, ಸಾಗರದಲ್ಲಿ ಶೇ 21, ತೀರ್ಥಹಳ್ಳಿಯಲ್ಲಿ ಶೇ 30. ಶಿವಮೊಗ್ಗದ ಸಾಲು 63, 20, 18 ಆಗುತ್ತದೆ. ಕೂಡಿದರೆ 101. ಇದು ತಪ್ಪಲ್ಲ. 62.5 ಮತ್ತು 17.5 ಎರಡೂ ಮೇಲಕ್ಕೆ ದುಂಡಾಗಿವೆ. 100 ಮಾಡಲೆಂದು ಯಾವುದೋ ಒಂದನ್ನು ತಿದ್ದಬೇಡಿ. ದುಂಡು ಮಾಡಿದ್ದರಿಂದ ಮೊತ್ತ ಒಂದು ಆಚೀಚೆ ಆಗಬಹುದು ಎಂದು ಕೆಳಗೆ ಬರೆದರೆ ಸಾಕು.

ಎರಡನ್ನೂ ಒಟ್ಟಿಗೆ ಇಟ್ಟಾಗ

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ತೀರ್ಥಹಳ್ಳಿಯಲ್ಲಿ ಕಷ್ಟ ಜಾಸ್ತಿ, ಮಳೆ, ಕಾಡು, ಆಗುಂಬೆ ಕಡೆ ಸಿಗ್ನಲ್ ಸಿಗುವುದಿಲ್ಲ, ನೆಟ್‌ವರ್ಕ್‌ನದ್ದೇ ತೊಂದರೆ ಎಂದು ಬರೆದು ಮುಗಿಸುತ್ತಾರೆ. ನಂಬುವಂತೆಯೇ ಇದೆ. ಆದರೆ ವಯಸ್ಸಿನ ಟೇಬಲ್ ನೋಡಿ. 50ರ ಒಳಗಿನ 160 ಜನರಲ್ಲಿ ಕಷ್ಟ ಎಂದವರು 17, ಅಂದರೆ ಶೇ 11. 50 ದಾಟಿದ 100 ಜನರಲ್ಲಿ 39. ಊರು ಊರಿನ ನಡುವಿನ ವ್ಯತ್ಯಾಸಕ್ಕಿಂತ ಇದು ತುಂಬಾ ದೊಡ್ಡದು.

ಹಾಗಾಗಿ Rows ಜಾಗದಲ್ಲಿ ಊರಿನ ಕೆಳಗೆ ವಯಸ್ಸಿನ ಗುಂಪನ್ನೂ ಹಾಕಿ. ಪ್ರತಿ ಊರೂ ಎರಡು ಸಾಲಾಗಿ ಒಡೆಯುತ್ತದೆ:

| ಊರು, ವಯಸ್ಸು | ಜನ | ಸುಲಭ ಶೇ | ಪರವಾಗಿಲ್ಲ ಶೇ | ಕಷ್ಟ ಶೇ |
|---|---|---|---|---|
| ಶಿವಮೊಗ್ಗ, 50ರೊಳಗೆ | 90 | 70 | 20 | 10 |
| ಶಿವಮೊಗ್ಗ, 50+ | 30 | 40 | 20 | 40 |
| ಸಾಗರ, 50ರೊಳಗೆ | 50 | 68 | 20 | 12 |
| ಸಾಗರ, 50+ | 30 | 40 | 23 | 37 |
| ತೀರ್ಥಹಳ್ಳಿ, 50ರೊಳಗೆ | 20 | 70 | 20 | 10 |
| ತೀರ್ಥಹಳ್ಳಿ, 50+ | 40 | 40 | 20 | 40 |

ಕೊನೆಯ ಎರಡು ಸಾಲುಗಳನ್ನು ಮೊದಲ ಎರಡರ ಪಕ್ಕ ಇಟ್ಟು ಓದಿ. ತೀರ್ಥಹಳ್ಳಿಯ ಚಿಕ್ಕವರೂ ಶಿವಮೊಗ್ಗದ ಚಿಕ್ಕವರೂ ಒಂದೇ ಮಾತು ಹೇಳುತ್ತಿದ್ದಾರೆ. ಹಿರಿಯರೂ ಅಷ್ಟೇ. ವ್ಯತ್ಯಾಸ ಇರುವುದು ಫಾರಂ ತುಂಬಿದವರ ವಯಸ್ಸಿನಲ್ಲಿ. ಶಿವಮೊಗ್ಗದಲ್ಲಿ ನಾಲ್ವರಲ್ಲಿ ಒಬ್ಬರು 50 ದಾಟಿದವರು, ತೀರ್ಥಹಳ್ಳಿಯಲ್ಲಿ ಮೂವರಲ್ಲಿ ಇಬ್ಬರು. ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ತೋಟದ ಮನೆಯಲ್ಲಿ ಎನ್ನುವುದು ಮಲೆನಾಡಿನಲ್ಲಿ ಹೊಸದೇನಲ್ಲ.

ಇದನ್ನು ಲೆಕ್ಕ ಹಾಕಿಯೂ ನೋಡಬಹುದು. ತೀರ್ಥಹಳ್ಳಿಯಲ್ಲೂ ಶಿವಮೊಗ್ಗದಂತೆ 100ಕ್ಕೆ 75 ಜನ 50ರ ಒಳಗಿನವರೇ ಇದ್ದಿದ್ದರೆ ಏನಾಗುತ್ತಿತ್ತು? 75ರಲ್ಲಿ ಶೇ 10 ಎಂದರೆ 7.5. ಉಳಿದ 25ರಲ್ಲಿ ಶೇ 40 ಎಂದರೆ 10. ಕೂಡಿದರೆ 17.5. ಶಿವಮೊಗ್ಗದ ಅಂಕಿಯೂ ಸರಿಯಾಗಿ ಅದೇ. ನೆಟ್‌ವರ್ಕ್ ಕಾರಣವಾಗಿದ್ದರೆ ತೀರ್ಥಹಳ್ಳಿಯ ಚಿಕ್ಕವರಲ್ಲೂ ಕಷ್ಟ ಎಂದವರು ಜಾಸ್ತಿ ಇರಬೇಕಿತ್ತು. ಈ ಟೇಬಲ್‌ನಲ್ಲಿ ಹಾಗೆ ಕಾಣುವುದಿಲ್ಲ.

ನಿಜವಾದ ಫಾರಂಗಳಲ್ಲಿ ಅಂಕಿಗಳು ಇಷ್ಟು ಚೆನ್ನಾಗಿ ಹೊಂದುವುದಿಲ್ಲ. ಊರಿನ ಪಾಲು ಸ್ವಲ್ಪ, ವಯಸ್ಸಿನ ಪಾಲು ಸ್ವಲ್ಪ ಇರುತ್ತದೆ. ನೋಡುವ ಬಗೆ ಮಾತ್ರ ಇದೇ.

ಒಡೆದಷ್ಟೂ ಸಾಲಿನಲ್ಲಿ ಜನ ಕಡಿಮೆಯಾಗುತ್ತಾರೆ ಎನ್ನುವುದು ನೆನಪಿರಲಿ. ತೀರ್ಥಹಳ್ಳಿಯ ಚಿಕ್ಕವರು ಬರೀ 20 ಜನ. ಅಲ್ಲಿ ಒಬ್ಬರು ಉತ್ತರ ಬದಲಿಸಿದರೆ ಶೇಕಡಾ 5 ಅಂಕ ಅಲ್ಲಾಡುತ್ತದೆ. ಚೀಟಿ ಎತ್ತಿದ ಹಾಗೆ ಆರಿಸಿದ 20 ಜನರಲ್ಲಿ ಶೇ 70 ಬಂದರೆ, ನಿಜವಾದ ಅಂಕಿ 20 ಅಂಕ ಆಚೀಚೆ ಇರಬಹುದು. ನಮ್ಮದು ಹಾಗೆ ಆರಿಸಿದ್ದೂ ಅಲ್ಲ, ಅಂಗಡಿಗೆ ಬಂದವರಲ್ಲಿ ಮನಸ್ಸಿದ್ದವರು ತುಂಬಿದ್ದು. 30ಕ್ಕಿಂತ ಕಡಿಮೆ ಜನ ಇರುವ ಸಾಲಿನ ಪಕ್ಕ ನಾನು ಒಂದು ನಕ್ಷತ್ರ ಹಾಕುತ್ತೇನೆ. 10ಕ್ಕಿಂತ ಕಡಿಮೆ ಇದ್ದರೆ ಶೇಕಡಾ ಬರೆಯುವುದೇ ಇಲ್ಲ, ಎಣಿಕೆ ಮಾತ್ರ ಕೊಡುತ್ತೇನೆ.

ಮಾಲೀಕರ ಕೈಗೆ ಕೊಡುವ ಸಾರಾಂಶ

ಮೂರು ಟೇಬಲ್‌ಗಳನ್ನೂ ಕೊಡಬೇಕಾಗಿಲ್ಲ. ಕೊನೆಯದೊಂದು ಸಾಕು, ಪ್ರತಿ ಸಾಲಿನಲ್ಲೂ ಎಷ್ಟು ಜನ ಎನ್ನುವ ಕಾಲಂ ಇರಲೇಬೇಕು. ಅದರ ಮೇಲೆ ನಾಲ್ಕು ವಾಕ್ಯ:

"ಆ್ಯಪ್‌ನಲ್ಲಿ ಆರ್ಡರ್ ಮಾಡುವುದು ಕಷ್ಟ ಎಂದವರು ಒಟ್ಟಾರೆ ಶೇ 22. 50 ದಾಟಿದವರಲ್ಲಿ ಇದು ಶೇ 39, ಅದಕ್ಕಿಂತ ಚಿಕ್ಕವರಲ್ಲಿ ಶೇ 11. ತೀರ್ಥಹಳ್ಳಿಯಲ್ಲಿ ಅಂಕಿ ಹೆಚ್ಚು ಕಾಣುವುದು ಅಲ್ಲಿ ಉತ್ತರಿಸಿದವರಲ್ಲಿ ಹಿರಿಯರು ಜಾಸ್ತಿ ಇರುವುದರಿಂದ. ಉತ್ತರಿಸಿದವರು 260, ವಯಸ್ಸು ಅಥವಾ ಉತ್ತರ ಇಲ್ಲದ 8 ಫಾರಂ ಬಿಡಲಾಗಿದೆ."

ಒಟ್ಟಾರೆ ಶೇ 22 ಎನ್ನುವುದನ್ನು 56 ಭಾಗಿಸು 260 ಎಂದೇ ತೆಗೆಯಿರಿ. ಮೂರು ಊರುಗಳ ಶೇಕಡಾ ಕೂಡಿ ಮೂರರಿಂದ ಭಾಗಿಸಿದರೆ 23 ಬರುತ್ತದೆ. 60 ಜನರ ಊರಿಗೂ 120 ಜನರ ಊರಿಗೂ ಒಂದೇ ತೂಕ ಕೊಟ್ಟಂತಾಗುತ್ತದೆ.

ಹಿರಿಯರಿಗೆ ಏನು ಕಷ್ಟ ಎನ್ನುವುದು ಈ ಟೇಬಲ್‌ನಲ್ಲಿಲ್ಲ. ಅಕ್ಷರ ಚಿಕ್ಕದಿರಬಹುದು, ಒಟಿಪಿ ಬರುವಷ್ಟರಲ್ಲಿ ಪರದೆ ಆರಿಹೋಗುತ್ತಿರಬಹುದು, ಆ್ಯಪ್ ಬರೀ ಇಂಗ್ಲಿಷ್‌ನಲ್ಲಿರಬಹುದು. ಫಾರಂನ ಕೆಳಗೆ ಅನಿಸಿಕೆ ಬರೆಯಲು ಜಾಗ ಕೊಟ್ಟಿದ್ದರೆ ಅದು ಈಗ ಉಪಯೋಗಕ್ಕೆ ಬರುತ್ತದೆ. D ಕಾಲಂನಲ್ಲಿ 50+, E ಕಾಲಂನಲ್ಲಿ ಕಷ್ಟ ಎಂದು ಫಿಲ್ಟರ್ ಹಾಕಿ. 39 ಫಾರಂ ಉಳಿಯುತ್ತವೆ. ಒಂದು ಮಧ್ಯಾಹ್ನ ಕೂತು ಅಷ್ಟನ್ನೂ ಒಂದೊಂದಾಗಿ ಓದಿ.