ವಾಂತಿ ಆಗದವರನ್ನೂ ಕೇಳಿ: ಔತಣದ ನಂತರ ಕಾಯಿಲೆಯ ಮೂಲ ಹುಡುಕುವುದು ಹೇಗೆ?

ನಿಶ್ಚಿತಾರ್ಥದ ಊಟ ಮುಗಿದು ಎರಡು ಗಂಟೆ ಆಗಿರುವುದಿಲ್ಲ, ಹಿತ್ತಿಲಲ್ಲಿ ಒಬ್ಬೊಬ್ಬರೇ ಕಾರಲು ಶುರು ಮಾಡುತ್ತಾರೆ. ಆಗ ನಮ್ಮ ಬದಿಯಡ್ಕದ ಕಡೆ ಮೊದಲು ಹೊರಡುವ ಮಾತು, "ಪಾಯಸ ಹಾಳಾಗಿತ್ತು ಕಾಣ್ತದೆ." ತನಿಖೆಗೆ ಬಂದವರೂ ಅದನ್ನೇ ಬರೆದುಕೊಂಡು ಹೋಗುವುದನ್ನು ನಾನು ಹಲವು ಸಲ ನೋಡಿದ್ದೇನೆ. ಹಾಗಾಗಿ ಲೆಕ್ಕಕ್ಕೆಂದು ನಾನೇ ಕಟ್ಟಿದ ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ಊಟಕ್ಕೆ ಕುಳಿತವರು 80 ಮಂದಿ, ಕಾಯಿಲೆ ಬಿದ್ದವರು 32.

ಮೊದಲು ಸುಸ್ತಾದವರಿಗೆ ಓಆರ್‌ಎಸ್ ಕೊಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಉಳಿದ ಅಡುಗೆ ಯಾರೂ ಮುಟ್ಟದಂತೆ ತೆಗೆದಿಡಿ. ಎಸೆಯಬೇಡಿ. ಅಡುಗೆಮನೆಗೆ ಫಿನೈಲ್ ಹೊಯ್ದು ತೊಳೆಯಲು ಯಾರಾದರೂ ಮುಂದಾದರೆ ತಡೆಯಿರಿ. ವಾಸನೆ ಹೋಗುತ್ತದೆ, ಜೊತೆಗೆ ಸಾಕ್ಷ್ಯವೂ ಹೋಗುತ್ತದೆ. ನೀರಲ್ಲಿ ಕುದಿಸಿ ಆರಿಸಿದ ಡಬ್ಬಿಗೆ ಸ್ಯಾಂಪಲ್ ಹಾಕಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕಳಿಸಿ. ಫ್ರೀಜರ್ ಬೇಡ.

ಮುಂದಿನದು ಯಾರನ್ನು ರೋಗಿ ಎಂದು ಎಣಿಸಬೇಕು ಎಂಬ ತೀರ್ಮಾನ. "ಆ ಊಟ ಮಾಡಿ, ಮರುದಿನ ಮಧ್ಯಾಹ್ನದೊಳಗೆ ವಾಂತಿ ಆದವರು ಅಥವಾ ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ಭೇದಿ ಆದವರು" ಎಂದು ಬರೆದಿಡಿ. ಇದರಲ್ಲಿ "ಪಾಯಸ ತಿಂದವರು" ಎಂದು ಸೇರಿಸಿದರೆ ಕಥೆ ಅಲ್ಲಿಗೇ ಮುಗಿಯಿತು. ಪಾಯಸ ತಿನ್ನದೆ ಕಾಯಿಲೆ ಬಿದ್ದವರು ಲೆಕ್ಕಕ್ಕೇ ಬರುವುದಿಲ್ಲ, ಅಲ್ವಾ?

ಗೆರೆ ಹಾಕಿದ ಪುಸ್ತಕದಲ್ಲಿ ಒಬ್ಬರಿಗೆ ಒಂದು ಸಾಲು: ವಯಸ್ಸು, ಉಂಡ ಸಮಯ, ಮೊದಲ ವಾಂತಿಯ ಸಮಯ, ಜ್ವರ ಇತ್ತೇ, ಏನೇನು ತಿಂದರು. ನಮ್ಮಲ್ಲಿ ಒಬ್ಬರು "ಕಾರಿದೆ" ಎಂದರೆ ಇನ್ನೊಬ್ಬರು "ಛರ್ದಿ" ಎನ್ನುತ್ತಾರೆ. "ಹೊಟ್ಟೆ ಸರಿ ಇಲ್ಲ" ಎಂದರೆ ಬಿಡಬೇಡಿ, ವಾಂತಿಯೋ ಭೇದಿಯೋ ಎಂದು ಬಿಡಿಸಿ ಕೇಳಿ.

ಉದಾಹರಣೆಯಲ್ಲಿ ಊಟ ಒಂದು ಗಂಟೆಗೆ. ಮೊದಲ ವಾಂತಿ 2.45ಕ್ಕೆ, ಹೆಚ್ಚಿನವರಿಗೆ ನಾಲ್ಕರಿಂದ ಐದರೊಳಗೆ, ಕೊನೆಯವರಿಗೆ ಏಳಕ್ಕೆ. ಜ್ವರ ಇಲ್ಲ. ಚೌಕುಳಿ ಕಾಗದದಲ್ಲಿ ಅರ್ಧ ಗಂಟೆಗೊಂದು ಕಂಬ ಮಾಡಿ, ಒಬ್ಬರಿಗೆ ಒಂದು ಮನೆ ತುಂಬುತ್ತಾ ಹೋದರೆ ಒಂದೇ ಗುಡ್ಡ ಏಳುತ್ತದೆ. ಅಂದರೆ ಎಲ್ಲರಿಗೂ ತಗಲಿದ್ದು ಒಂದೇ ಊಟದಿಂದ. ಉಂಡ ಮೇಲೆ ಒಂದರಿಂದ ಆರು ಗಂಟೆಯೊಳಗೆ ವಾಂತಿಯೇ ಮುಖ್ಯವಾಗಿ ಬಂದರೆ ಸ್ಟೆಫೈಲೋಕಾಕಸ್‌ನಂಥ ಸೂಕ್ಷ್ಮಾಣು ಆಹಾರದಲ್ಲೇ ಮೊದಲೇ ಮಾಡಿಟ್ಟ ವಿಷದ ಮೇಲೆ ಸಂಶಯ ಹೋಗಬೇಕು. ಸಾಲ್ಮೊನೆಲ್ಲಾ ಆಗಿದ್ದರೆ ಸಾಮಾನ್ಯವಾಗಿ ರಾತ್ರಿ ಕಳೆದು, ಜ್ವರದ ಜೊತೆ ಭೇದಿ ಶುರುವಾಗುತ್ತಿತ್ತು.

ಈಗ ಎಲ್ಲರೂ ಎಡವುವ ಜಾಗ. ಕಾಯಿಲೆ ಬಿದ್ದ 32 ಮಂದಿಯನ್ನಷ್ಟೇ ಕೇಳಿದರೆ 28 ಮಂದಿ ಪಾಯಸ ತಿಂದಿದ್ದಾರೆ. ಪಾಯಸವೇ ಅಪರಾಧಿ ಎಂದು ಕಾಣುತ್ತದೆ. ಆದರೆ ಗಟ್ಟಿಯಾಗಿದ್ದ 48 ಮಂದಿಯನ್ನೂ ಕೇಳಿ. ವಾಟ್ಸಾಪ್‌ನಲ್ಲಿ ಪ್ರಶ್ನೆ ಕಳಿಸಿ ಸುಮ್ನೆ ಕೂತರೆ ಉತ್ತರ ಕೊಡುವವರು ಬರೀ ವಾಂತಿ ಮಾಡಿದವರು. ಮನೆಗೆ ಹೋಗಿ ಕೇಳುವುದೇ ಸರಿ. ಅಡುಗೆಯವರಿಂದ ಪೂರ್ತಿ ಪಟ್ಟಿ ತೆಗೆದುಕೊಂಡು ಉಪ್ಪಿನಕಾಯಿಯಿಂದ ಮಜ್ಜಿಗೆವರೆಗೆ ಎಲ್ಲರಿಗೂ ಒಂದೇ ಕ್ರಮದಲ್ಲಿ ಓದಿ. "ಪಾಯಸ ತಿಂದ್ರಾ?" ಎಂದು ಮೊದಲೇ ಕೇಳಬೇಡಿ.

ಪಾಯಸ ತಿಂದವರು ಒಟ್ಟು 70, ಅವರಲ್ಲಿ ಕಾಯಿಲೆ 28 ಮಂದಿಗೆ. ಅಂದರೆ ನೂರಕ್ಕೆ 40. ತಿನ್ನದವರು 10, ಕಾಯಿಲೆ 4 ಮಂದಿಗೆ. ಅದೂ ನೂರಕ್ಕೆ 40! ತಿಂದರೂ ಬಿಟ್ಟರೂ ಒಂದೇ. ಈಗ ಹಾಲುಬಾಯಿ ನೋಡಿ. ತಿಂದ 50 ಮಂದಿಯಲ್ಲಿ 30 ಮಂದಿಗೆ ಕಾಯಿಲೆ, ನೂರಕ್ಕೆ 60. ತಿನ್ನದ 30 ಮಂದಿಯಲ್ಲಿ ಇಬ್ಬರಿಗೆ, ನೂರಕ್ಕೆ ಹೆಚ್ಚುಕಡಿಮೆ 7. ಅಪಾಯ ಒಂಬತ್ತು ಪಟ್ಟು.

ಆ ಇಬ್ಬರು ಹೇಗೆ ಬಂದರು ಎಂದು ಗಾಬರಿಯಾಗಿ ಅವರನ್ನು ಅಳಿಸಬೇಡಿ. ಒಬ್ಬರು ಮರೆತಿರಬಹುದು, ಇನ್ನೊಬ್ಬರು ಮಗುವಿನ ಎಲೆಯಿಂದ ಒಂದು ಚೂರು ಬಾಯಿಗೆ ಹಾಕಿಕೊಂಡಿರಬಹುದು. ಅನ್ನದಂತೆ ಎಲ್ಲರೂ ತಿಂದ ಪದಾರ್ಥವಿದ್ದರೆ ಈ ಲೆಕ್ಕ ಕೈಕೊಡುತ್ತದೆ. ತಿನ್ನದವರೇ ಇಲ್ಲದಿದ್ದರೆ ಹೋಲಿಸುವುದು ಯಾರ ಜೊತೆ?

ಹಾಲುಬಾಯಿ ಎಂದಾದ ಮೇಲೆ ಅಡುಗೆಮನೆಗೆ ಹೋಗಿ. ಯಾವಾಗ ಕಾಯಿಸಿದರು, ಯಾರು ತುಂಡು ಮಾಡಿದರು, ರಾತ್ರಿ ಎಲ್ಲಿಟ್ಟಿದ್ದರು? ಹಿಂದಿನ ಸಂಜೆ ತಟ್ಟೆಗೆ ಹೊಯ್ದು, ಕೈಯಲ್ಲೇ ತುಂಡುಗಳನ್ನು ಬಿಡಿಸಿ, ರಾತ್ರಿಯಿಡೀ ಸೆಕೆಯ ಕೋಣೆಯಲ್ಲಿ ಮುಚ್ಚಿಟ್ಟಿದ್ದರು ಎಂದಿಟ್ಟುಕೊಳ್ಳಿ. ತುಂಡು ಮಾಡಿದವರ ಬೆರಳಲ್ಲಿ ಕೀವು ತುಂಬಿದ ಗಾಯ ಇದೆಯೇ ಎಂದು ಸಮಾಧಾನದಿಂದ ನೋಡಿ. ಎಲ್ಲರೆದುರು ಬೇಡ. ಗಾಯ ಇದ್ದರೆ ಅದರ ಸ್ಯಾಂಪಲ್ ತೆಗೆಸಿ, ವಾಸಿಯಾಗುವವರೆಗೆ ಅಡುಗೆಯಿಂದ ದೂರ ಇರಲು ಹೇಳಿ.

ಲ್ಯಾಬ್ ವರದಿ "ಸೂಕ್ಷ್ಮಾಣು ಬೆಳೆಯಲಿಲ್ಲ" ಎಂದು ಬಂದರೂ ಕಡತ ಮುಚ್ಚಬೇಡಿ. ಯಾರಾದರೂ ಉಳಿದ ತಿಂಡಿಯನ್ನು ಮತ್ತೆ ಬಿಸಿ ಮಾಡಿದ್ದರೆ ಸೂಕ್ಷ್ಮಾಣು ಸಾಯುತ್ತದೆ, ಆದರೆ ಸ್ಟೆಫೈಲೋಕಾಕಸ್‌ನ ವಿಷ ಆ ಬಿಸಿಗೆ ಜಗ್ಗುವುದಿಲ್ಲ. ವಿಷವನ್ನೇ ಹುಡುಕುವ ಪರೀಕ್ಷೆ ಬೇರೆ ಇದೆ, ಅದನ್ನು ಬರೆದು ಕೇಳಬೇಕು.